ನಾಲ್ಕನೇ ಮನೆ ಅತ್ತೆಯದಲ್ಲ: ಹೆಣ್ಣಿನ ಜಾತಕದಲ್ಲಿ ಅತ್ತೆಮನೆಯನ್ನು ನೋಡುವುದು ಎಲ್ಲಿ?

ಪ್ರಶ್ನೆ: ನಮಸ್ಕಾರ ಗುರುಗಳೇ. ನನ್ನ ಮಗಳು 1996ರಲ್ಲಿ ಹುಟ್ಟಿದವಳು. ಕನ್ಯಾ ಲಗ್ನ, ಪುಷ್ಯ ನಕ್ಷತ್ರ. ಲಗ್ನದಲ್ಲಿ ರವಿ, ಬುಧ, ರಾಹು. ನಾಲ್ಕರಲ್ಲಿ ಗುರು. ಏಳರಲ್ಲಿ ಶನಿ, ಕೇತು. ಹನ್ನೊಂದರಲ್ಲಿ ಚಂದ್ರ, ಕುಜ. ಹನ್ನೆರಡರಲ್ಲಿ ಶುಕ್ರ. ಬುಧ ದಶೆ 2029ರವರೆಗೆ ಇದೆ. ಈಗ ಒಂದು ಸಂಬಂಧ ಬಂದಿದೆ, ಹುಡುಗ ಒಬ್ಬನೇ ಮಗ, ಅಪ್ಪ ಅಮ್ಮ ಜೊತೆಗೇ ಇರ್ತಾರೆ. ಜಾತಕ ನೋಡಿದ ಒಬ್ಬರು "ನಾಲ್ಕನೇ ಮನೆ ಅತ್ತೆ ಸ್ಥಾನ, ಅಲ್ಲಿ ಗುರು ಇದ್ದಾನೆ, ಅತ್ತೆ ತಾಯಿ ಥರ ನೋಡ್ಕೋತಾಳೆ" ಅಂದರು. ಇನ್ನೊಬ್ಬರು "ಏಳರಲ್ಲಿ ಶನಿ ಕೇತು, ಅತ್ತೆಮನೆಯಲ್ಲಿ ಒಂದು ವರ್ಷ ಬಾಳುವುದೂ ಕಷ್ಟ, ಶಾಂತಿ ಮಾಡಿಸಿ" ಅಂದರು. ಯಾರ ಮಾತು ನಂಬಬೇಕು?

ಉತ್ತರ:

ಅಮ್ಮಾ, ಇಬ್ಬರೂ ಒಂದೊಂದು ಮನೆ ನೋಡಿ ನಿಲ್ಲಿಸಿದ್ದಾರೆ. ಮೊದಲನೆಯವರು ಹೇಳಿದ್ದರಲ್ಲಿ ಎಣಿಕೆಯೇ ತಪ್ಪಿದೆ. ಎರಡನೆಯವರು ಹೇಳಿದ ಗ್ರಹ ಇರುವುದು ನಿಜ, ಆದರೆ ಅದರಿಂದ ಎಳೆದ ಫಲ ಅತಿಯಾಯಿತು. ನಿಮ್ಮ ಮಗಳ ಜಾತಕವನ್ನೇ ಇಟ್ಟುಕೊಂಡು ಹೇಳುತ್ತೇನೆ, ನೀವೂ ಕುಂಡಲಿ ಎದುರಿಗಿಟ್ಟುಕೊಳ್ಳಿ.

ನಮ್ಮ ಕಡೆ ಬರೆಯುವ ಚೌಕದ ಕುಂಡಲಿ ನಿಮ್ಮ ಹತ್ತಿರ ಇರುತ್ತದೆ. ಅದರಲ್ಲಿ ಮೇಲಿನ ಎಡ ಮೂಲೆ ಯಾವಾಗಲೂ ಮೀನ. ಅಲ್ಲಿಂದ ಬಲಕ್ಕೆ ಮೇಷ, ವೃಷಭ, ಮೇಲಿನ ಬಲ ಮೂಲೆ ಮಿಥುನ. ಹಾಗೇ ಕೆಳಗಿಳಿದರೆ ಕೆಳಗಿನ ಬಲ ಮೂಲೆ ಕನ್ಯಾ, ಕೆಳಗಿನ ಎಡ ಮೂಲೆ ಧನು. ನಿಮ್ಮ ಮಗಳದು ಕನ್ಯಾ ಲಗ್ನ ಆದ್ದರಿಂದ ಅವಳ ನಾಲ್ಕು ಕೇಂದ್ರಗಳು, ಅಂದರೆ ಒಂದು, ನಾಲ್ಕು, ಏಳು, ಹತ್ತನೇ ಮನೆಗಳು, ಕಾಗದದ ನಾಲ್ಕು ಮೂಲೆಗೇ ಬಂದು ಕೂತಿವೆ. ನೋಡುವುದಕ್ಕೆ ಇಷ್ಟು ಸುಲಭವಾದ ಜಾತಕ ಸಿಗುವುದು ಕಡಿಮೆ.

ಕೆಳಗಿನ ಬಲ ಮೂಲೆ ನಿಮ್ಮ ಮಗಳು. ಅದಕ್ಕೆ ಓರೆಯಾಗಿ ಎದುರಿಗಿರುವ ಮೇಲಿನ ಎಡ ಮೂಲೆ, ಅಂದರೆ ಮೀನ, ಏಳನೇ ಮನೆ. ಅದು ಗಂಡ. ಈಗ ಆ ಮೀನದ ಮೇಲೆ ಬೆರಳಿಟ್ಟು ಅದನ್ನೇ ಒಂದು ಅಂತ ಎಣಿಸಿ. ಮೀನ ಒಂದು, ಮೇಷ ಎರಡು, ವೃಷಭ ಮೂರು, ಮಿಥುನ ನಾಲ್ಕು. ಗಂಡನಿಂದ ನಾಲ್ಕನೇ ಮನೆ ಗಂಡನ ತಾಯಿ. ಅಂದರೆ ಅತ್ತೆ ಇರುವುದು ಮಿಥುನದಲ್ಲಿ, ಮೇಲಿನ ಬಲ ಮೂಲೆಯಲ್ಲಿ. ಲಗ್ನದಿಂದ ಎಣಿಸಿದರೆ ಅದು ಹತ್ತನೇ ಮನೆ.

ಇದಿಷ್ಟೇ ವಿಷಯ. ಯಾರ ಬಗ್ಗೆ ಕೇಳುತ್ತೀರೋ ಅವರನ್ನು ಲಗ್ನ ಮಾಡಿಕೊಂಡು ಅಲ್ಲಿಂದ ಎಣಿಸಬೇಕು. ಅತ್ತೆ ಹತ್ತರಲ್ಲಿ. ಗಂಡನ ತಮ್ಮ ತಂಗಿಯರು, ಅಂದರೆ ಮೈದುನ ಮತ್ತು ಕಿರಿಯ ನಾದಿನಿ, ಗಂಡನಿಂದ ಮೂರನೆಯದಾದ ಒಂಬತ್ತರಲ್ಲಿ. ಗಂಡನ ಅಣ್ಣ ಐದರಲ್ಲಿ. ನಿಮ್ಮ ಹುಡುಗ ಒಬ್ಬನೇ ಮಗ ಆದ್ದರಿಂದ ಈ ಎರಡನ್ನು ಇಲ್ಲಿಗೇ ಬಿಡೋಣ. ಮಾವನ ವಿಷಯದಲ್ಲಿ ಮಾತ್ರ ಎರಡು ಪದ್ಧತಿ ಇದೆ. ನಮ್ಮ ದಕ್ಷಿಣದಲ್ಲಿ ಹೆಚ್ಚಿನವರು ತಂದೆಯನ್ನು ಒಂಬತ್ತರಲ್ಲಿ ನೋಡುತ್ತಾರೆ, ಹಾಗೆ ನೋಡಿದರೆ ಗಂಡನಿಂದ ಒಂಬತ್ತನೆಯದು ಹುಡುಗಿಯ ಮೂರನೇ ಮನೆ. ಉತ್ತರದ ಕಡೆ ತಂದೆಯನ್ನು ಹತ್ತರಲ್ಲಿ ನೋಡುವವರು ಜಾಸ್ತಿ. ಆ ಲೆಕ್ಕದಲ್ಲಿ ಮಾವ ಹುಡುಗಿಯ ನಾಲ್ಕನೇ ಮನೆಗೆ ಬರುತ್ತಾರೆ. ನಾಲ್ಕನೇ ಮನೆಗೂ ಅತ್ತೆಮನೆಯವರಿಗೂ ನೇರ ಸಂಬಂಧ ಅಂತ ಇದ್ದರೆ ಇದೊಂದೇ, ಅದೂ ಮಾವನ ಮೂಲಕ. ಅತ್ತೆಯ ಸ್ಥಾನ ಅಂತ ನಾಲ್ಕನ್ನು ಹೇಳುವುದು ಹುಡುಗನ ಜಾತಕದ ಮಾತನ್ನು ಹುಡುಗಿಯ ಜಾತಕದಲ್ಲಿ ಓದಿದ ಹಾಗೆ. ಹುಡುಗನ ಜಾತಕದಲ್ಲಿ ನಾಲ್ಕು ಅವನ ತಾಯಿ, ಅವಳೇ ಮುಂದೆ ನಿಮ್ಮ ಮಗಳಿಗೆ ಅತ್ತೆ. ಹುಡುಗಿಯ ಜಾತಕದಲ್ಲಿ ನಾಲ್ಕು ನೀವು, ಅವಳ ಹೆತ್ತ ತಾಯಿ. ಈ ತಪ್ಪನ್ನು ನಾನೂ ಮೊದಮೊದಲು ಮಾಡಿದ್ದೇನೆ. ಒಬ್ಬ ಹುಡುಗಿಯ ನಾಲ್ಕರಲ್ಲಿ ರಾಹು ನೋಡಿ ಅತ್ತೆಯ ಕಾಟ ಅಂತ ಹೇಳಿಬಿಟ್ಟೆ. ಆ ವರ್ಷ ಕಾಯಿಲೆ ಬಿದ್ದದ್ದು ಅವಳ ಹೆತ್ತ ತಾಯಿ. ಹಾಸಿಗೆಯ ಪಕ್ಕ ಕೂತು ಸೇವೆ ಮಾಡಿದವರು ಅವಳ ಅತ್ತೆ. ಅವತ್ತಿನಿಂದ ಬೆರಳಿಟ್ಟು ಎಣಿಸದೆ ಬಾಯಿ ತೆರೆಯುವುದಿಲ್ಲ.

ಹಾಗಾದರೆ ಅತ್ತೆಮನೆಯ ವಿಷಯಕ್ಕೆ ನಾಲ್ಕನೇ ಮನೆ ನೋಡಲೇಬಾರದಾ? ನೋಡಬೇಕು, ಖಂಡಿತ ನೋಡಬೇಕು. ಅದನ್ನು ಸುಖಸ್ಥಾನ ಅನ್ನುತ್ತಾರೆ. ಬಾಗಿಲು ಹಾಕಿಕೊಂಡ ಮೇಲೆ ಆ ಮನೆಯೊಳಗೆ ಹುಡುಗಿಯ ಮನಸ್ಸು ಹೇಗಿರುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ. ಅತ್ತೆ ಎಷ್ಟೇ ಒಳ್ಳೆಯವಳಾದರೂ ನಾಲ್ಕು ಕೆಟ್ಟಿದ್ದರೆ ಹುಡುಗಿಗೆ ಆ ಮನೆ ತನ್ನದು ಅನಿಸುವುದಿಲ್ಲ, ಏನೋ ಛತ್ರದಲ್ಲಿ ಇದ್ದ ಹಾಗೆ ಇರುತ್ತಾಳೆ. ನಾಲ್ಕು ಗಟ್ಟಿಯಿದ್ದರೆ ಅತ್ತೆ ಸ್ವಲ್ಪ ಬಾಯಿ ಜೋರಾದರೂ ಇವಳು ಅಡುಗೆಮನೆಯಲ್ಲಿ ತನ್ನ ಜಾಗ ಮಾಡಿಕೊಂಡು ನಿಲ್ಲುತ್ತಾಳೆ. ಇನ್ನೊಂದು ಕಾರಣವೂ ಇದೆ. ನಾಲ್ಕು ಮತ್ತು ಹತ್ತು ಎದುರು ಬದುರು ಮನೆ. ಎಲ್ಲ ಗ್ರಹಕ್ಕೂ ಏಳನೇ ದೃಷ್ಟಿ ಇದೆಯಲ್ಲ, ಹಾಗಾಗಿ ನಾಲ್ಕರಲ್ಲಿ ಯಾವ ಗ್ರಹ ಕೂತರೂ ಅದು ನೇರವಾಗಿ ಹತ್ತನ್ನು, ಅಂದರೆ ಅತ್ತೆಯನ್ನು ನೋಡುತ್ತದೆ. ಅತ್ತೆಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುತ್ತಾಳೆ ಅನ್ನುವುದನ್ನು ನಾಲ್ಕರ ಗ್ರಹ ಹೇಳುತ್ತದೆ.

ಕುಜ ನಾಲ್ಕರಲ್ಲಿದ್ದರೆ ಕುಜದೋಷ ಅಂತ ಯಾಕೆ ಲೆಕ್ಕ ಹಾಕುತ್ತಾರೆ ಅಂತ ಬಹಳ ಜನ ಕೇಳುತ್ತಾರೆ. ಏಳು, ಎಂಟು ಸರಿ, ನಾಲ್ಕು ಯಾಕೆ? ಕುಜನಿಗೆ ಏಳನೇ ದೃಷ್ಟಿಯ ಜೊತೆ ನಾಲ್ಕು ಮತ್ತು ಎಂಟನೇ ದೃಷ್ಟಿಯೂ ಇದೆ. ನಾಲ್ಕರಲ್ಲಿ ಕೂತ ಕುಜ ನಾಲ್ಕನೇ ದೃಷ್ಟಿಯಿಂದ ಏಳನ್ನು ನೋಡುತ್ತಾನೆ, ಏಳನೇ ದೃಷ್ಟಿಯಿಂದ ಹತ್ತನ್ನು ನೋಡುತ್ತಾನೆ. ಒಂದೇ ಕಡೆ ಕೂತು ಗಂಡನನ್ನೂ ಅತ್ತೆಯನ್ನೂ ಒಟ್ಟಿಗೆ ಕೆಣಕುತ್ತಾನೆ. ನಿಮ್ಮ ಮಗಳಿಗೆ ಕುಜ ಹನ್ನೊಂದರಲ್ಲಿ, ಅವನ ದೃಷ್ಟಿ ಎರಡು, ಐದು, ಆರರ ಮೇಲೆ ಬೀಳುತ್ತದೆ. ನಾಲ್ಕು, ಏಳು, ಹತ್ತು ಮೂರನ್ನೂ ಅವನು ಮುಟ್ಟಿಲ್ಲ. ಅತ್ತೆಮನೆಯ ಜಗಳದ ಮೊದಲ ಬೆಂಕಿ ಅಲ್ಲಿಗೇ ಇಲ್ಲ ಅಂತಾಯಿತು.

ಈಗ ಶನಿಗೆ ಬರೋಣ, ನಿಮಗೆ ನಿದ್ದೆ ಕೆಡಿಸಿದ್ದು ಅದೇ ಅಲ್ವಾ.

ಶನಿಗೆ ಮೂರು, ಏಳು, ಹತ್ತನೇ ದೃಷ್ಟಿ. ಏಳರಲ್ಲಿ ಕೂತ ಶನಿ ಏಳನೇ ದೃಷ್ಟಿಯಿಂದ ಲಗ್ನವನ್ನು, ಅಂದರೆ ಹುಡುಗಿಯನ್ನೇ ನೋಡುತ್ತಾನೆ. ಮೂರನೇ ದೃಷ್ಟಿ ಒಂಬತ್ತರ ಮೇಲೆ. ಹತ್ತನೇ ದೃಷ್ಟಿ ಎಲ್ಲಿ ಬೀಳುತ್ತದೆ ಎಣಿಸಿ: ಮೀನದಿಂದ ಹತ್ತನೆಯದು ಧನು. ನಾಲ್ಕನೇ ಮನೆ! ಏಳರಲ್ಲಿ ಶನಿ ಇರುವ ಯಾವ ಜಾತಕದಲ್ಲಾದರೂ ಇದು ಹೀಗೇ. ನಾಲ್ಕನ್ನೂ ಏಳನ್ನೂ ಬೇರೆ ಬೇರೆಯಾಗಿ ಓದಬಾರದು ಅನ್ನುವುದು ಇದಕ್ಕೇ. ಗಂಡನ ಕಡೆಯಿಂದ ಬರುವ ಭಾರ ನೇರ ಹುಡುಗಿಯ ಮನೆಯ ಸುಖದ ಮೇಲೆ ಕೂರುತ್ತದೆ. ಆದರೆ ಗಮನಿಸಿ, ಈ ಶನಿ ಹತ್ತನ್ನು ನೋಡುತ್ತಿಲ್ಲ. ಅತ್ತೆಯ ಮೇಲೆ ಅವನ ಕಣ್ಣೇ ಇಲ್ಲ. ಹಾಗಿರುವಾಗ ಅತ್ತೆಯ ಜೊತೆ ಬಾಳಲ್ಲ ಅಂತ ಇದರಿಂದ ಹೇಗೆ ಹೇಳುವುದು?

ಏಳರ ಶನಿ ಕೊಡುವುದು ಕೆಲಸದ ಭಾರ, ನಿಧಾನ, ಕಡಿಮೆ ಮಾತು. ಗಂಡ ಪ್ರೀತಿ ಇದ್ದರೂ ಬಾಯಿಬಿಟ್ಟು ಹೇಳದವನು. ಮದುವೆ ತಡವಾಗಿ ಆಗುವುದು ಕೂಡ ಇವನದೇ ಗುರುತು, ಮಗಳಿಗೆ ಇಪ್ಪತ್ತೆಂಟು ದಾಟಿದೆ, ಅದಾಗಲೇ ಆಗಿದೆ. ಜೊತೆಗೆ ಒಂದು ಮಾತನ್ನು ಎರಡನೆಯವರು ನಿಮಗೆ ಹೇಳಬೇಕಿತ್ತು: ಶನಿಗೆ ದಿಗ್ಬಲ, ಅಂದರೆ ದಿಕ್ಕಿನಿಂದ ಬರುವ ಬಲ, ಸಿಗುವ ಮನೆಯೇ ಏಳು. ಅಲ್ಲಿ ಅವನು ಗಟ್ಟಿಯಾಗಿ ನಿಲ್ಲುತ್ತಾನೆ. ಕನ್ಯಾ ಲಗ್ನಕ್ಕೆ ಅವನು ಐದು ಮತ್ತು ಆರರ ಅಧಿಪತಿ. ಆರರ ಒಡೆಯ ಏಳಕ್ಕೆ ಬಂದದ್ದು ತಕರಾರಿಗೆ ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಐದರ ಒಡೆಯನೂ ಅವನೇ ಆದ್ದರಿಂದ ಪೂರ್ತಿ ಕೆಡಿಸುವವನಲ್ಲ. ಕೇತು ಶನಿಯ ತೀರಾ ಹತ್ತಿರ ಕೂತಿದ್ದಾನೆ, ಆ ವರ್ಷದ ಪಂಚಾಂಗ ನೋಡಿದರೆ ಶನಿ ಆಗ ವಕ್ರಿಯೂ ಹೌದು. ಅದರಿಂದ ಗಂಡ ಹೆಂಡತಿಯ ನಡುವೆ ಆಗಾಗ ಒಂದು ಮೌನ, ಮನಸ್ಸು ಬಿಚ್ಚದೆ ಇರುವುದು. ಇದು ಗಂಡ ಹೆಂಡತಿಯ ಪಾಠ. ಅತ್ತೆಯ ಪಾಠ ಬೇರೆ ಮೂಲೆಯಲ್ಲಿದೆ.

ಆ ಮೂಲೆಗೆ ಹೋಗೋಣ. ಮಿಥುನದ ಅಧಿಪತಿ ಬುಧ. ಕನ್ಯೆಯ ಅಧಿಪತಿಯೂ ಬುಧ. ಅಂದರೆ ಕನ್ಯಾ ಲಗ್ನದ ಹುಡುಗಿಗೂ ಅವಳ ಅತ್ತೆಗೂ ಒಬ್ಬನೇ ಒಡೆಯ. ಇಬ್ಬರದೂ ಒಂದೇ ಥರದ ಸ್ವಭಾವ. ಲೆಕ್ಕ, ಅಚ್ಚುಕಟ್ಟು, ಮಾತಿಗೆ ಮಾತು, ಡಬ್ಬ ಎಲ್ಲಿಟ್ಟಿದ್ದೆವೋ ಅಲ್ಲೇ ಇರಬೇಕು ಅನ್ನುವ ಹಟ. ಹಾಗೆಯೇ ನಾಲ್ಕರ ಧನುವಿಗೂ ಏಳರ ಮೀನಕ್ಕೂ ಒಡೆಯ ಗುರು. ಗಂಡನೂ ಮನೆಯ ಸುಖವೂ ಒಬ್ಬನ ಕೈಯಲ್ಲಿ. ನಾಲ್ಕು ಮೂಲೆಗೆ ಇಬ್ಬರೇ ಒಡೆಯರು. ಹೀಗೆ ಬರುವುದು ಮಿಥುನ, ಕನ್ಯಾ, ಧನು, ಮೀನ ಲಗ್ನದವರಿಗೆ ಮಾತ್ರ. ಬೇರೆ ಲಗ್ನಗಳಲ್ಲಿ ಈ ನಾಲ್ಕು ಕೇಂದ್ರಕ್ಕೆ ನಾಲ್ಕು ಒಡೆಯರು ಇರುತ್ತಾರೆ, ಓದುವುದು ಇನ್ನೂ ತೊಡಕು.

ಬುಧ ಈಗ ಎಲ್ಲಿದ್ದಾನೆ? ಕನ್ಯೆಯಲ್ಲಿ, ಲಗ್ನದಲ್ಲಿ. ಅದು ಅವನ ಸ್ವಂತ ಮನೆ, ಉಚ್ಚ ಸ್ಥಾನವೂ ಹೌದು, ದಿಗ್ಬಲವೂ ಅಲ್ಲೇ. ಭದ್ರ ಯೋಗ ಅಂತ ಕರೆಯುವುದು ಇದನ್ನೇ. ಅತ್ತೆಯ ಮನೆಯ ಒಡೆಯ ಬಂದು ಸೊಸೆಯ ಲಗ್ನದಲ್ಲಿ ಇಷ್ಟು ಬಲವಾಗಿ ಕೂತರೆ ಅರ್ಥ ಏನು? ಅತ್ತೆ ದೂರ ನಿಲ್ಲುವವಳಲ್ಲ. ಸೊಸೆಯ ಬಟ್ಟೆ, ಆಫೀಸಿನ ಹೊತ್ತು, ತವರಿಗೆ ಹೋದರೆ ಎಷ್ಟು ದಿನ, ಎಲ್ಲದರಲ್ಲೂ ಅವಳ ಮಾತು ಇರುತ್ತದೆ. ಚುರುಕು, ತಿಳಿವಳಿಕೆ ಇರುವ ಹೆಂಗಸು. ಸೊಸೆಯನ್ನು ಕೀಳಾಗಿ ಕಾಣುವವಳಲ್ಲ, ತನಗೆ ಸರಿಸಮ ಅಂತ ಒಳಗೊಳಗೇ ಒಪ್ಪಿರುತ್ತಾಳೆ. ಅದೇ ಕಾರಣಕ್ಕೆ ತಿದ್ದುತ್ತಲೂ ಇರುತ್ತಾಳೆ.

ಇದು ದಿನದ ಬದುಕಿನಲ್ಲಿ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಇಂಥದ್ದೇ ಲಗ್ನ, ಲಗ್ನದಲ್ಲೇ ಬುಧ ಇದ್ದ ಒಬ್ಬ ಹುಡುಗಿ ಮದುವೆಯಾದ ಆರು ತಿಂಗಳಿಗೆ ನನ್ನ ಹತ್ತಿರ ಬಂದು ಅತ್ತಳು. ಅವಳು ಸಂಜೆ ಸಾರಿಗೆ ಬೇಳೆ ಇಟ್ಟು ಒಗ್ಗರಣೆಗೆ ಸಾಸಿವೆ ತೆಗೆಯಲು ಹೋದರೆ ಅತ್ತೆ ಹಿಂದಿನಿಂದ "ಆ ಡಬ್ಬ ಅಲ್ಲ, ಈ ಡಬ್ಬ" ಅನ್ನುತ್ತಿದ್ದರಂತೆ. ದಿನಾ. ಬೈಗುಳ ಇಲ್ಲ, ಕೈ ಎತ್ತಿದ್ದಿಲ್ಲ, ವರದಕ್ಷಿಣೆಯ ಮಾತಿಲ್ಲ. ಬರೀ ಈ ಡಬ್ಬ ಆ ಡಬ್ಬ. ಅವಳೂ ಸುಮ್ನೆ ಇರುವವಳಲ್ಲ, ಒಂದು ದಿನ ಎಲ್ಲ ಡಬ್ಬಕ್ಕೂ ಚೀಟಿ ಅಂಟಿಸಿ ತನ್ನ ಲೆಕ್ಕದಲ್ಲಿ ಜೋಡಿಸಿಬಿಟ್ಟಳು. ಅತ್ತೆ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ತಾವೇ ಒಂದು ಚೀಟಿಯ ಕಾಗುಣಿತ ತಿದ್ದಿದರು. ಬುಧ ಬುಧನ ಜೊತೆ ಜಗಳವಾಡುವುದು ಹೀಗೆ. ಅಲ್ಲಿ ಮುರಿದು ಬೀಳುವಂಥದ್ದು ಏನೂ ಇರಲಿಲ್ಲ, ಆದರೆ ಆ ಹುಡುಗಿಯ ಅಳು ಸುಳ್ಳಾಗಿರಲಿಲ್ಲ.

ನಿಮ್ಮ ಮಗಳ ಬುಧನ ಜೊತೆ ರಾಹು ಮತ್ತು ರವಿ ಇದ್ದಾರೆ. ರವಿ ಹತ್ತಿರ ಬಂದರೆ ಬುಧನಿಗೆ ಅಸ್ತದೋಷ ಬರುತ್ತದೆ. ನೀವು ಕೊಟ್ಟ ನಕ್ಷತ್ರದ ದಿನಕ್ಕೆ ಅವರ ನಡುವೆ ಹದಿನೈದು ಡಿಗ್ರಿಗಿಂತ ಹೆಚ್ಚು ಅಂತರ ಇದೆ, ಅಸ್ತ ಇಲ್ಲ. ರಾಹು ಮಾತ್ರ ಒಂದು ಕೆಲಸ ಮಾಡುತ್ತಾನೆ, ಸಣ್ಣದನ್ನು ದೊಡ್ಡದಾಗಿ ಕಾಣಿಸುತ್ತಾನೆ. ಲಗ್ನದಲ್ಲಿ ರಾಹು ಇದ್ದವರಿಗೆ ಅತ್ತೆ ಹೇಳಿದ ಒಂದು ಮಾತು ರಾತ್ರಿಯೆಲ್ಲ ತಲೆಯಲ್ಲಿ ಸುತ್ತುತ್ತದೆ, ಹಿಂದೆ ಮುಂದೆ ಅರ್ಥ ಹುಡುಕುತ್ತಾರೆ. ಅದರ ಮೇಲೆ ಎದುರಿನಿಂದ ಶನಿಯ ದೃಷ್ಟಿ ಬೇರೆ, ಹಾಗಾಗಿ ಹೇಳಿಕೊಳ್ಳದೆ ಒಳಗೇ ಇಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಈ ಜಾತಕದ ನಿಜವಾದ ತೊಂದರೆ ಇರುವುದು ಲಗ್ನದಲ್ಲೇ. ಇಬ್ಬರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ, ಏಕೆಂದರೆ ಎಲ್ಲರಿಗೂ ಅತ್ತೆಮನೆ ಅಂದರೆ ನಾಲ್ಕನೇ ಮನೆ, ಇಲ್ಲದಿದ್ದರೆ ಏಳನೇ ಮನೆ ಅಷ್ಟೇ.

ಇನ್ನು ಗುರು. ಧನುವಿನಲ್ಲಿ ಗುರು ಸ್ವಕ್ಷೇತ್ರದಲ್ಲಿದ್ದಾನೆ, ಕೇಂದ್ರದಲ್ಲಿದ್ದಾನೆ, ಹಂಸ ಯೋಗ. ಮೊದಲನೆಯವರು ಸಂತೋಷಪಟ್ಟದ್ದು ಇದನ್ನು ನೋಡಿ. ಎಣಿಕೆ ತಪ್ಪಾದರೂ ಫಲ ಅರ್ಧ ಸರಿಯಾಗಿ ಬಂದಿದೆ, ಹೇಗೆ ಅಂದರೆ ಗುರು ಅಲ್ಲಿಂದ ಏಳನೇ ದೃಷ್ಟಿಯಲ್ಲಿ ಹತ್ತನೇ ಮನೆಯನ್ನು, ಅತ್ತೆಯನ್ನು ನೋಡುತ್ತಾನೆ. ಐದನೇ ದೃಷ್ಟಿಯಲ್ಲಿ ಮೇಷವನ್ನು, ಅಂದರೆ ಎಂಟನೇ ಮನೆಯನ್ನು ನೋಡುತ್ತಾನೆ. ಎಂಟನ್ನು ಮಾಂಗಲ್ಯ ಸ್ಥಾನ ಅನ್ನುತ್ತೇವೆ. ಗಂಡನಿಂದ ಎಣಿಸಿದರೆ ಅದು ಎರಡನೆಯದು, ಗಂಡನ ಕುಟುಂಬ, ಆ ಮನೆಯವರ ಮಾತು. ಎರಡಕ್ಕೂ ಗುರುವಿನ ದೃಷ್ಟಿ ಸಿಕ್ಕಿದ್ದು ಈ ಜಾತಕದ ದೊಡ್ಡ ಆಸರೆ. ಶನಿ ಕೂತ ಮೀನವೂ ಗುರುವಿನದೇ ಮನೆ. ಮನೆಯ ಯಜಮಾನ ಗಟ್ಟಿಯಿದ್ದಾಗ ಬಂದ ಅತಿಥಿ ಎಷ್ಟು ಮುಖ ಗಂಟು ಹಾಕಿಕೊಂಡರೂ ಮನೆ ಒಡೆಯುವುದಿಲ್ಲ. ಶನಿಯ ದೃಷ್ಟಿ ನಾಲ್ಕರ ಮೇಲೆ ಬಿದ್ದರೂ ಅಲ್ಲಿ ಯಜಮಾನನೇ ಕೂತಿದ್ದಾನೆ. ಭಾರ ಬರುತ್ತದೆ, ಹೊರುತ್ತಾಳೆ.

ಆದರೆ ಇದೇ ಗುರುವನ್ನು ಗಂಡನ ಕಡೆಯಿಂದಲೂ ಓದಬೇಕು. ಗುರು ಏಳರ ಅಧಿಪತಿ, ಹೆಣ್ಣಿನ ಜಾತಕದಲ್ಲಿ ಪತಿಕಾರಕ ಕೂಡ. ಅಂದರೆ ಗಂಡನ ಪರವಾಗಿ ಎರಡು ಸಲ ಮಾತಾಡುವ ಗ್ರಹ. ಅವನು ಕೂತು ನೇರವಾಗಿ ನೋಡುತ್ತಿರುವುದು ತನ್ನ ತಾಯಿಯ ಮನೆಯನ್ನು. ಈ ಹುಡುಗಿಗೆ ಸಿಗುವ ಗಂಡ ತಾಯಿಯ ಮೇಲೆ ಕಣ್ಣಿಟ್ಟಿರುವವನು. ಒಬ್ಬನೇ ಮಗ ಅಂತ ನೀವು ಬರೆದಿದ್ದೀರಿ, ಹೊಂದುತ್ತದೆ. ಅಮ್ಮನನ್ನು ಬಿಟ್ಟು ಬೇರೆ ಮನೆ ಮಾಡು ಅಂದರೆ ಅವನಿಂದ ಆಗುವುದಿಲ್ಲ. ಮದುವೆಯಾದ ಮೇಲೆ ನೋಡಿಕೊಳ್ಳೋಣ, ನಿಧಾನಕ್ಕೆ ಬೇರೆ ಹೋದರಾಯಿತು ಅನ್ನುವ ಲೆಕ್ಕ ನಿಮ್ಮ ಮನಸ್ಸಿನಲ್ಲಿದ್ದರೆ ಈಗಲೇ ಬಿಟ್ಟುಬಿಡಿ. ಆ ಲೆಕ್ಕ ಈ ಜಾತಕದಲ್ಲಿ ನಡೆಯುವುದಿಲ್ಲ.

ಮಾವನ ಬಗ್ಗೆ ಎರಡು ಮಾತು ಸಾಕು. ನಮ್ಮ ಪದ್ಧತಿಯಲ್ಲಿ ಮೂರನೇ ಮನೆ, ವೃಶ್ಚಿಕ. ಒಡೆಯ ಕುಜ ಕರ್ಕದಲ್ಲಿ ನೀಚ, ಆದರೆ ಕರ್ಕದ ಒಡೆಯ ಚಂದ್ರ ಸ್ವಂತ ಮನೆಯಲ್ಲಿ ಜೊತೆಗೇ ಇರುವುದರಿಂದ ನೀಚದ ಕಾಟ ತಗ್ಗುತ್ತದೆ. ಮನೆಯಲ್ಲಿ ಮಾವನ ಮಾತಿಗಿಂತ ಅತ್ತೆಯ ಮಾತು ಮುಂದೆ. ಉತ್ತರದವರ ಲೆಕ್ಕ ಹಿಡಿದು ನಾಲ್ಕರಲ್ಲಿ ನೋಡಿದರೆ ಗುರು, ಒಳ್ಳೆಯ ಮನುಷ್ಯ. ಎರಡೂ ಲೆಕ್ಕದಲ್ಲಿ ಮಾವನಿಂದ ಕಷ್ಟ ಕಾಣುವುದಿಲ್ಲ.

ಯಾವಾಗ ಏನು ಅನ್ನುವುದು ದಶೆಯ ಮೇಲೆ. ಈಗಿರುವ ಬುಧ ದಶೆ ಅಂದರೆ ಹುಡುಗಿ ಮತ್ತು ಅತ್ತೆ ಇಬ್ಬರ ಒಡೆಯನ ದಶೆ. ಮದುವೆಯಾದ ಕೂಡಲೇ ಅತ್ತೆಯ ಜೊತೆಗಿನ ಲೆಕ್ಕಾಚಾರ ಶುರುವಾಗುತ್ತದೆ, ಅದು ಮುಂದಕ್ಕೆ ಹೋಗುವುದಿಲ್ಲ. ದಶೆಯ ಕೊನೆಯ ಭುಕ್ತಿ, ಅಂದರೆ ದಶೆಯೊಳಗಿನ ಕೊನೆಯ ಭಾಗ, ಶನಿಯದು, 2 ವರ್ಷ 8 ತಿಂಗಳು 9 ದಿನ. ನಿಮ್ಮ ಲೆಕ್ಕದಲ್ಲಿ ದಶೆ 2029ಕ್ಕೆ ಮುಗಿಯುವುದಾದರೆ ಶನಿ ಭುಕ್ತಿ 2026ರ ಆಸುಪಾಸಿನಲ್ಲೇ ಶುರು. ಹೊಸ ಮದುವೆಯ ದಿನಗಳೇ ಅದರಲ್ಲಿ ಕಳೆಯುತ್ತವೆ. ಕೆಲಸದ ಭಾರ ಆಗಲೇ ಗೊತ್ತಾಗುತ್ತದೆ. ಆಮೇಲೆ ಕೇತು ದಶೆ 7 ವರ್ಷ. ಕೇತು ಏಳರಲ್ಲೇ ಇರುವುದರಿಂದ ಆ ಕಾಲದಲ್ಲಿ ಅತ್ತೆಗಿಂತ ಗಂಡನ ವಿಷಯ ಮುಖ್ಯವಾಗುತ್ತದೆ. ಅವನ ಕೆಲಸದ ಊರು ಬದಲಾಗುವುದು, ದೂರ ಇರುವುದು, ಒಂದೇ ಮನೆಯಲ್ಲಿದ್ದೂ ಮಾತು ಕಡಿಮೆಯಾಗುವುದು, ಇಂಥದ್ದು. ಛಾಯಾಗ್ರಹ ತಾನಿರುವ ಮನೆಯ ಒಡೆಯನ ಫಲವನ್ನೂ ಕೊಡುತ್ತದೆ, ಆ ಒಡೆಯ ಗುರು. ಆದ್ದರಿಂದ ಬಿಟ್ಟುಹೋಗುವ ಮಾತು ನಾನು ಆಡುವುದಿಲ್ಲ. ಗಂಡ ದೂರ ಇದ್ದಾಗ ಮನೆಯಲ್ಲಿ ಉಳಿಯುವವರು ಅತ್ತೆ ಸೊಸೆ ಇಬ್ಬರೇ ಅಲ್ವಾ, ಬುಧ ದಶೆಯಲ್ಲಿ ಅವರು ಎಷ್ಟು ಹೊಂದಿಕೊಂಡಿದ್ದಾರೋ ಅದೇ ಆಗ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಎರಡು ಕಡೆ ಇದು ತಪ್ಪಬಹುದು.

ಒಂದು, ಹುಟ್ಟಿದ ಹೊತ್ತು. ಒಂದು ಲಗ್ನ ಸುಮಾರು ಎರಡು ಗಂಟೆ ಇರುತ್ತದೆ. ರವಿ ಕನ್ಯೆಯಲ್ಲೇ ಇರುವುದರಿಂದ ಮಗಳು ಹುಟ್ಟಿದ್ದು ಸೂರ್ಯೋದಯದ ಹಿಂದೆ ಮುಂದೆ. ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆ ತುಲಾ ಲಗ್ನ ಬರುತ್ತದೆ. ಹಾಗೇನಾದರೂ ಆದರೆ ಶನಿ ಏಳರಿಂದ ಆರಕ್ಕೆ ಹೋಗುತ್ತಾನೆ, ಗುರು ನಾಲ್ಕರಿಂದ ಮೂರಕ್ಕೆ, ನಾನು ಮೇಲೆ ಬರೆದದ್ದರಲ್ಲಿ ಒಂದು ಸಾಲೂ ನಿಲ್ಲುವುದಿಲ್ಲ. ಜಾತಕದಲ್ಲಿ ಲಗ್ನದ ಡಿಗ್ರಿ ಬರೆದಿರುತ್ತದೆ, ನೋಡಿ. ಅದು ಎರಡಕ್ಕಿಂತ ಕಡಿಮೆ ಅಥವಾ ಇಪ್ಪತ್ತೆಂಟಕ್ಕಿಂತ ಜಾಸ್ತಿ ಇದ್ದರೆ ಆಸ್ಪತ್ರೆಯ ಚೀಟಿಯಲ್ಲಿ ಇರುವ ಹೊತ್ತನ್ನು ಹುಡುಕಿ ತೆಗೆಯಬೇಕು. "ಬೆಳಗಿನ ಜಾವ ಆರು ಗಂಟೆ ಇರಬಹುದು" ಅನ್ನುವ ನೆನಪಿನ ಮೇಲೆ ಮದುವೆ ತೀರ್ಮಾನ ಮಾಡಬೇಡಿ.

ಎರಡು, ಇದು ನಿಮ್ಮ ಮಗಳ ಜಾತಕ ಮಾತ್ರ. ಯಾವ ಹುಡುಗನೂ ಗೊತ್ತಾಗುವ ಮೊದಲೇ ಇದರಲ್ಲಿ ಅತ್ತೆಯ ಮನೆ ಇತ್ತು. ಅವಳ ಪಾಲಿಗೆ ಬರುವ ಅನುಭವ ಎಂಥದ್ದು ಅಂತ ಇದು ಹೇಳುತ್ತದೆ, ಅಷ್ಟೇ. ನೀವು ನೋಡಿ ಬಂದ ಆ ನಿಜವಾದ ಹೆಂಗಸು ಕಾಣುವುದು ಅವರ ಮಗನ ಜಾತಕದ ನಾಲ್ಕನೇ ಮನೆಯಲ್ಲಿ, ಅವನ ಚಂದ್ರನಲ್ಲಿ. ಅಲ್ಲಿ ಮುಖ್ಯವಾಗಿ ಒಂದನ್ನು ನೋಡಬೇಕು: ಅವನ ನಾಲ್ಕರ ಒಡೆಯನೂ ಏಳರ ಒಡೆಯನೂ ಒಬ್ಬರಿಂದ ಒಬ್ಬರು ಆರನೇ ಎಂಟನೇ ಮನೆಯಲ್ಲಿ ಇದ್ದಾರಾ ಅಂತ. ಹಾಗಿದ್ದರೆ ತಾಯಿಗೂ ಹೆಂಡತಿಗೂ ನಡುವೆ ಅವನು ಸಿಕ್ಕಿಹಾಕಿಕೊಳ್ಳುತ್ತಾನೆ. ಇಬ್ಬರೂ ಕೇಂದ್ರ ತ್ರಿಕೋಣದಲ್ಲಿ ಹೊಂದಿಕೊಂಡಿದ್ದರೆ ನಿಮ್ಮ ಮಗಳ ರಾಹು ಶನಿಯ ಕಾಟ ಅರ್ಧ ಇಳಿದ ಹಾಗೆ. ಎರಡೂ ಜಾತಕ ಒಂದೇ ತೊಂದರೆಯನ್ನು ಹೇಳಿದರೆ ಮಾತ್ರ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಒಂದರಲ್ಲಿ ಮಾತ್ರ ಕಂಡರೆ ಇನ್ನೊಂದು ತಡೆಯುತ್ತದೆ.

ನಕ್ಷತ್ರದ ಬಗ್ಗೆ ನೀವು ಕೇಳಲಿಲ್ಲ, ಆದರೆ ಗಂಡಿನ ಕಡೆಯವರು ಎತ್ತುತ್ತಾರೆ. ಮೂಲಾ ಮಾವನಿಗೆ, ಆಶ್ಲೇಷಾ ಅತ್ತೆಗೆ ಅಂತ ಒಂದು ಮಾತು ಊರೆಲ್ಲ ಓಡಾಡುತ್ತದೆ. ನಿಮ್ಮ ಮಗಳದು ಪುಷ್ಯ, ಆ ಪಟ್ಟಿಯಲ್ಲೇ ಇಲ್ಲ. ಇದ್ದವರಿಗೂ ಹೇಳುತ್ತೇನೆ, ಮುಹೂರ್ತ ಶಾಸ್ತ್ರದಲ್ಲಿ ಆ ಮಾತಿನ ಜೊತೆಗೇ ಮೂಲಾ ಕೊನೆಯ ಪಾದಕ್ಕೂ ಆಶ್ಲೇಷಾ ಮೊದಲ ಪಾದಕ್ಕೂ ದೋಷವಿಲ್ಲ ಅಂತ ಇದೆ. ಮತ್ತೆ ಅಲ್ಲಿ ಈ ಎರಡು ನಕ್ಷತ್ರಕ್ಕೆ ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿ ಹೇಳಿದ್ದಾರೆ. ಹುಡುಗನ ನಕ್ಷತ್ರ ಕೇಳದೆ ಹುಡುಗಿಯದನ್ನು ಮಾತ್ರ ಹಿಡಿದು ಸಂಬಂಧ ಬೇಡ ಅನ್ನುವುದು ಎಷ್ಟು ಮನೆಗಳಲ್ಲಿ ನಡೆದಿದೆ. ನೋಡಿ ನೋಡಿ ಹೊಟ್ಟೆ ಉರಿಯುತ್ತದೆ.

ಶಾಂತಿಯ ವಿಷಯ. ಶನಿ ದಿಗ್ಬಲದಲ್ಲಿದ್ದು, ಅವನಿರುವ ಮನೆಯ ಒಡೆಯ ಸ್ವಕ್ಷೇತ್ರದಲ್ಲಿರುವಾಗ ದೊಡ್ಡ ಖರ್ಚಿನ ಹೋಮ ಬೇಕು ಅಂತ ನನಗೆ ಅನಿಸುವುದಿಲ್ಲ. ನಿಮ್ಮ ಮನಸ್ಸಿನ ಸಮಾಧಾನಕ್ಕೆ ಶನಿವಾರ ಆಂಜನೇಯನ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬನ್ನಿ, ಸಾಕು. ಅದಕ್ಕಿಂತ ಮುಖ್ಯವಾದ ಕೆಲಸ ಬೇರೆ ಇದೆ. ಏಳರ ಶನಿ ನಾಲ್ಕನ್ನು ನೋಡುವ ಜಾತಕದಲ್ಲಿ ಜಗಳ ಬರುವುದು ಮನೆಗೆಲಸದ ಹಂಚಿಕೆಯಿಂದ. ನಿಶ್ಚಿತಾರ್ಥಕ್ಕೆ ಮುಂಚೆ ಕೂತು ಮಾತಾಡಿ. ಮದುವೆಯಾದ ಮೇಲೂ ಮಗಳು ಕೆಲಸಕ್ಕೆ ಹೋಗುತ್ತಾಳಾ, ಬೆಳಗಿನ ತಿಂಡಿ ಯಾರು ಮಾಡುತ್ತಾರೆ, ಮನೆಗೆಲಸಕ್ಕೆ ಯಾರಾದರೂ ಬರುತ್ತಾರಾ, ಮುಂದೆ ಅತ್ತೆ ಮಾವನಿಗೆ ಆರೋಗ್ಯ ತಪ್ಪಿದರೆ ಯಾರು ನೋಡಿಕೊಳ್ಳುವುದು. ಹುಡುಗನೂ ಆ ಮಾತಿನಲ್ಲಿ ಕೂತಿರಲಿ, ಅವನು ಬಾಯಿಬಿಟ್ಟು ಹೇಳಲಿ. ಅತ್ತೆಯ ಎದುರಿಗೆ ಮಗಳನ್ನು ಮಾತಾಡಲು ಬಿಡಿ, ನೀವು ನಡುವೆ ಬಾಯಿ ಹಾಕಬೇಡಿ. ಇಬ್ಬರ ಬುಧ ಹೇಗೆ ಮಾತಾಡುತ್ತಾನೆ ಅಂತ ಅರ್ಧ ಗಂಟೆಯಲ್ಲಿ ನಿಮಗೇ ಗೊತ್ತಾಗುತ್ತದೆ.

ಹುಡುಗನ ಲಗ್ನ, ಚಂದ್ರ ಇರುವ ರಾಶಿ, ಅವನ ನಾಲ್ಕು ಮತ್ತು ಏಳರ ಒಡೆಯರು ಎಲ್ಲಿದ್ದಾರೆ ಅನ್ನುವುದನ್ನು ಬರೆದು ಕಳಿಸಿ. ಮಗಳ ಲಗ್ನದ ಡಿಗ್ರಿಯನ್ನೂ ಮರೆಯದೆ ಸೇರಿಸಿ. ಅದು ಸಿಕ್ಕಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಉಳಿದದ್ದು ಹೇಳುತ್ತೇನೆ.